ಕಸದ ಬುಟ್ಟಿಯೊಳಗಿದ್ದ ಖರೇ ಪತ್ರ

ಬೆಳಿಗ್ಗೆ ಆರೂ ಕಾಲು. ಗಜೇಂದ್ರಗಡದ ಬಸ್ ನಿಲ್ದಾಣದಲ್ಲಿ ಚಹಾದಂಗಡಿಯ ಒಲೆ ಈಗಷ್ಟೇ ಹೊತ್ತಿಕೊಂಡಿದೆ. ರೋಣದ ಬಸ್ಸು ನಿಂತಲ್ಲೇ ಗುರುಗುಟ್ಟುತ್ತಿದೆ. ಕಂಡಕ್ಟರ್ ಕಲ್ಲೇಶ ಟಿಕೆಟ್ ಮಷಿನ್ನನ್ನು ಕಂಕುಳಲ್ಲಿ ಒತ್ತಿಕೊಂಡು, ಮುಂದಿನ ಬಾಗಿಲ ಪಕ್ಕದ ಸೀಟಿನಲ್ಲಿ ಕುಳಿತ ಹೆಂಗಸಿನ ಎದುರು ತನ್ನ ಮೊಬೈಲ್ ಹಿಡಿಯುತ್ತಾನೆ.

"ಅಕ್ಕೋರ, ಇದೊಂದ್ ನೋಡ್ರಿ. ಕರೆಂಟ್ ಬಿಲ್ ಕಟ್ಟಿಲ್ಲಂತ, ಇವತ್ತ ರಾತ್ರಿ ಲೈನ್ ಕಟ್ ಮಾಡ್ತಾರಂತ. ನಾ ಹ್ವಾದ ವಾರನ ಕಟ್ಟೇನ್ರಿ."

ಆಕೆ ಕನ್ನಡಕ ಸರಿಪಡಿಸಿಕೊಂಡು ಓದುತ್ತಾರೆ. ಓದುವಾಗ ತುಟಿ ಅಲುಗುತ್ತದೆ, ಮಕ್ಕಳ ಉತ್ತರ ಪತ್ರಿಕೆ ತಿದ್ದುವವರಿಗೆ ಬರುವ ಅಭ್ಯಾಸ ಅದು. "ಎಲ್ಲಿಂದ ಬಂದೈತಿ ನೋಡ್ ಕಲ್ಲೇಶ. ಹತ್ತ ಅಂಕಿ ಮೊಬೈಲ್ ನಂಬರ್. ಕರೆಂಟಿನ ಆಫೀಸ್ನವರು ಯಾರದೋ ಮೊಬೈಲ್ನಿಂದ ಹಿಂಗ ಬರಿಯಾಂಗಿಲ್ಲ. ನಿನ್ನ ಹೆಸರಿಲ್ಲ, ಮೀಟರ್ ನಂಬರೂ ಇಲ್ಲ. ಆ ನಂಬರಿಗೆ ಫೋನ್ ಮಾಡಬ್ಯಾಡ." ಕಲ್ಲೇಶ ಹೂಂಗುಟ್ಟಿ ಸೀಟಿ ಊದುತ್ತಾನೆ. ಬಸ್ಸು ಹೊರಡುತ್ತದೆ. ಟಿಕೆಟ್ ಕೊಡುವವನು ಮೊದಲು ಮೆಸೇಜ್ ಓದಿಸಿಕೊಂಡು ಆಮೇಲೆ ಟಿಕೆಟ್ ಕೊಡುವ ಬಸ್ಸನ್ನು ನಾನಂತೂ ಇಲ್ಲೇ ನೋಡಿದ್ದು.

ಇವರು ಇಷ್ರತ ಮಲಿಕಸಾಬ ನದಾಫ. ವಯಸ್ಸು ನಲವತ್ತೊಂದು. ರೋಣ ತಾಲ್ಲೂಕಿನಲ್ಲಿ ಸವಡಿ ಕಡೆಯ ಒಂದು ಸಣ್ಣ ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ, ಎಲ್ಲರ ಬಾಯಲ್ಲೂ ಅಕ್ಕೋರು. ಊರಿನ ಹೆಸರು ಬರೆಯಬಾರದೆಂಬ ಷರತ್ತಿನ ಮೇಲೆಯೇ ನನ್ನನ್ನು ಒಳಗೆ ಬಿಟ್ಟಿದ್ದಾರೆ. ಷರತ್ತು ಹಾಕಿದವರು ಅಕ್ಕೋರಲ್ಲ, ಶಾಲೆಯ ಬಿಸಿಯೂಟದ ಅಡುಗೆಯ ಮಾಯವ್ವ. "ಊರ ಹೆಸರ್ ಪೇಪರ್ನ್ಯಾಗ ಬಂತಂದ್ರ, ಅಲ್ಲಿ ಮಂದಿ ಕಡೆ ಫೋನ್ ಅದಾವ ಅಂತ ಕಳ್ಳರಿಗೆ ನೀವ ಹೇಳಿದಾಂಗ ಆಕ್ಕೈತ್ರಿ" ಎಂದರು. ಈ ಮಾಯವ್ವನ ಮಾತನ್ನು ಮೀರುವ ಧೈರ್ಯ ನನಗಿಲ್ಲ. ಯಾಕಿಲ್ಲ ಎಂಬುದು ಮುಂದೆ ನಿಮಗೇ ತಿಳಿಯುತ್ತದೆ.

ಇಷ್ರತ ಅವರ ತಂದೆ ಮಲಿಕಸಾಬ ಗಜೇಂದ್ರಗಡದಲ್ಲಿ ಗಾದಿ ಹೊಲಿಯುತ್ತಾರೆ. ಹತ್ತಿ ಹಿಂಜಿ ಹಿಂಜಿ ಅವರ ಎದೆ ಕೆಟ್ಟಿದೆ, ಆದರೂ ಮದುವೆ ಸೀಜನ್ನಿನಲ್ಲಿ ಸುಮ್ಮನೆ ಕೂರುವುದಿಲ್ಲ. ತಾಯಿ ಮದರಬಿ ಹೋಗಿ ಆರು ವರ್ಷವಾಯಿತು. ಮನೆಯಲ್ಲಿ ಅಪ್ಪ, ಮಗಳು ಇಬ್ಬರೇ. ಇಷ್ರತ ನಾಲ್ಕೂವರೆಗೆ ಎದ್ದು ರೊಟ್ಟಿ ಬಡಿದು, ಅಪ್ಪನ ಗುಳಿಗೆಗಳನ್ನು ಹೊತ್ತಿನ ಪ್ರಕಾರ ಮೂರು ಬಟ್ಟಲಲ್ಲಿ ಇಟ್ಟು ಮನೆ ಬಿಡುತ್ತಾರೆ. ರೋಣದಲ್ಲಿ ಇಳಿದು ಇನ್ನೊಂದು ಬಸ್ಸು, ಅದು ತಪ್ಪಿದರೆ ಟಂಟಂ ರಿಕ್ಷಾ. ಹದಿನಾರು ವರ್ಷದಿಂದ ಇದೇ ಓಡಾಟ. ಶಾಲೆಯಲ್ಲಿ ಒಂದರಿಂದ ಐದನೆಯವರೆಗೆ ಮೂವತ್ತೇಳು ಮಕ್ಕಳು, ಇಬ್ಬರು ಶಿಕ್ಷಕರು. ಇನ್ನೊಬ್ಬರು ಮುಖ್ಯ ಶಿಕ್ಷಕ ಶಿವನಪ್ಪ ಮಾಸ್ತರರು.

ಇಷ್ಟಾದರೆ ಬರೆಯುವಂಥದ್ದೇನಿಲ್ಲ. ನಮ್ಮ ಸೀಮೆಯಲ್ಲಿ ಇಂಥ ಶಿಕ್ಷಕಿಯರು ಸಾಲಿಗೊಬ್ಬರು ಸಿಗುತ್ತಾರೆ, ಅವರನ್ನು ಯಾರೂ ಮಾತಾಡಿಸುವುದಿಲ್ಲ ಎನ್ನುವುದು ಬೇರೆ ಮಾತು. ನಾನು ನರಗುಂದದಿಂದ ಬಸ್ಸು ಹತ್ತಿ ಬಂದದ್ದು ಶನಿವಾರದ ಸಾಲಿ ನೋಡಲಿಕ್ಕೆ.

ಶನಿವಾರ ಬೆಳಗಿನ ಶಾಲೆ. ಹನ್ನೊಂದೂವರೆಗೆ ಮಕ್ಕಳು ಮನೆಗೆ ಓಡುತ್ತಾರೆ, ಅದೇ ಬಾಗಿಲಿನಿಂದ ಅವರ ಅವ್ವಂದಿರು, ಅಜ್ಜಿಯರು ಒಳಗೆ ಬರುತ್ತಾರೆ. ನಾನು ಎಣಿಸಿದ ದಿನ ಮೂವತ್ತನಾಲ್ಕು ಜನ. ಎಲ್ಲರ ಕೈಯಲ್ಲೂ ಫೋನು. ಕೆಲವರದು ಗಾಜು ಒಡೆದಿದೆ, ಒಬ್ಬರದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿದೆ. ವಾರವಿಡೀ ಬಂದ ಅನುಮಾನದ ಮೆಸೇಜುಗಳನ್ನು ಅಳಿಸದೆ ಉಳಿಸಿಕೊಂಡು ಬಂದಿರುತ್ತಾರೆ. ಅಕ್ಕೋರು ಒಂದೊಂದನ್ನೇ ಗಟ್ಟಿಯಾಗಿ ಓದುತ್ತಾರೆ, ಖರೇನೋ ಸುಳ್ಳೋ ಎಂಬುದನ್ನು ಎಲ್ಲರೂ ಸೇರಿ ತೀರ್ಮಾನಿಸುತ್ತಾರೆ. ಇದು ಶುರುವಾಗಿ ಮೂರು ವರ್ಷ. ಇದಕ್ಕೆ ಯಾವ ಯೋಜನೆಯ ಹೆಸರೂ ಇಲ್ಲ, ಬ್ಯಾನರೂ ಇಲ್ಲ.

ಶುರುವಾದದ್ದಕ್ಕೆ ಕಾರಣ ಮಾಯವ್ವನೇ. ಮೂರು ವರ್ಷದ ಹಿಂದೆ ಬ್ಯಾಂಕಿನ ಮ್ಯಾನೇಜರ್ ಎಂದು ಹೇಳಿಕೊಂಡವನೊಬ್ಬ ಫೋನ್ ಮಾಡಿದ. ನಿಮ್ಮ ಕಾರ್ಡು ಬಂದ್ ಆಗುತ್ತದೆ, ಮೊಬೈಲಿಗೆ ಬಂದ ಆರು ಅಂಕಿ ಹೇಳಿ ಎಂದ. ಮಾಯವ್ವನಿಗೆ ಅಂಕಿ ಓದಲು ಬರುತ್ತಿತ್ತು, ಓದಿ ಹೇಳಿದರು. ಮಗಳ ಬಾಣಂತನಕ್ಕೆ ಕೂಡಿಸಿಟ್ಟದ್ದೆಲ್ಲ ಹೋಯಿತು. ಮರುದಿನ ಶಾಲೆಯ ಅಡುಗೆ ಕೋಣೆಯಲ್ಲಿ ಬೇಳೆ ಹಾಕಿದವರು ಉಪ್ಪು ಹಾಕುವುದನ್ನು ಮರೆತರು. ಮಕ್ಕಳು ಸಪ್ಪೆ ಸಾರು ಉಂಡದ್ದನ್ನು ಕಂಡು ಅಕ್ಕೋರು ಕೇಳಿದಾಗ ವಿಷಯ ಹೊರಬಿತ್ತು.

"ನನಗ ಅವತ್ತ ನಾಚಿಕಿ ಬಂತ್ರಿ" ಎನ್ನುತ್ತಾರೆ ಇಷ್ರತ. "ನನ್ನ ಸಾಲ್ಯಾಗನ ಕೆಲಸಾ ಮಾಡೋ ಹೆಣಮಗಳು. ಆಕಿ ಮೊಮ್ಮಕ್ಕಳಿಗೆ ನಾ ಓದಾಕ ಕಲಿಸೀನಿ, ಆಕಿಗೆ ಒಂದ್ ಓಟಿಪಿ ಅಂದ್ರೇನಂತ ಹೇಳಿಕೊಟ್ಟಿದ್ದಿಲ್ಲ."

ಆ ಶನಿವಾರವೇ ಪಾಠ ಆರಂಭವಾಯಿತು. ನಾಲ್ಕು ಪರೀಕ್ಷೆಗಳನ್ನು ಅಕ್ಕೋರು ಮಾಡಿಕೊಟ್ಟರು, ಬರೆಯಲು ಬಾರದವರಿಗೂ ಬಾಯಿಪಾಠವಾಗುವ ಹಾಗೆ. ಪತ್ರದಲ್ಲಿ ನಿನ್ನ ಹೆಸರು ಇದೆಯೋ, ಬರೀ 'ಗ್ರಾಹಕರೇ' ಅಂತಿದೆಯೋ. ಕಳಿಸಿದವರ ವಿಳಾಸದಲ್ಲಿ ಸುರುಳಿ ಗುರುತಿನ (@) ನಂತರ ಬರುವ ಹೆಸರು ಯಾರದು. ಹಣ, ಪಿನ್ನು, ಓಟಿಪಿ ಕೇಳುತ್ತದೆಯೋ. ಕಡೆಯದು ಎಲ್ಲಕ್ಕಿಂತ ಮುಖ್ಯ: ಪತ್ರದಲ್ಲಿರುವ ನಂಬರಿಗೆ ಫೋನ್ ಮಾಡಬೇಡ, ಅದರೊಳಗಿನ ಲಿಂಕ್ ಒತ್ತಬೇಡ, ನಿನ್ನ ಹತ್ತಿರ ಮೊದಲಿನಿಂದ ಇರುವ ಕಾಗದದಲ್ಲಿನ ನಂಬರಿಗೇ ಮಾಡು. ಇಮೇಲ್ ವಿಳಾಸದ ನಡುವಿನ ಆ ಸುರುಳಿಗೆ ಇಲ್ಲಿಯ ಹೆಂಗಸರು ಚಕ್ಕಲಿ ಎನ್ನುತ್ತಾರೆ. "ಚಕ್ಕಲಿ ಆದ ಮ್ಯಾಲಿನ ಹೆಸರ್ ನೋಡು" ಎಂದು ಒಬ್ಬರಿಗೊಬ್ಬರು ಹೇಳುವುದನ್ನು ಕೇಳಿದರೆ ಯಾವುದೋ ಅಡುಗೆ ಮಾತು ಎಂದುಕೊಳ್ಳಬೇಕು.

ಪಾಠಕ್ಕೆ ಮಾದರಿ ಬೇಕಲ್ಲ, ಅದಕ್ಕೆ ಅಕ್ಕೋರು ತಮ್ಮದೇ ಇಮೇಲನ್ನು ಬಿಚ್ಚಿಟ್ಟರು. ರಿಚಾರ್ಜ್ ಅಂಗಡಿ, ಆನ್‌ಲೈನ್ ಅರ್ಜಿ, ಹೀಗೆ ಎಲ್ಲೆಲ್ಲೋ ಕೊಟ್ಟ ವಿಳಾಸಕ್ಕೆ ದಿನವೂ ಬಹುಮಾನ ಬಂದು ಬೀಳುತ್ತಿತ್ತು. ಅಭಿನಂದನೆಗಳು, ನೀವು ಆಯ್ಕೆಯಾಗಿದ್ದೀರಿ, ಕಾರು ಗೆದ್ದಿದ್ದೀರಿ. ದಾನಿಗಳು ಶಾಲೆಗೆ ಕೊಟ್ಟ ಟಿ.ವಿ.ಗೆ ವೈರಿನಿಂದ ಫೋನ್ ಜೋಡಿಸಿ ಅವನ್ನು ದೊಡ್ಡದಾಗಿ ತೋರಿಸುವರು. ಪರೀಕ್ಷೆ ಮುಗಿದು ಸುಳ್ಳೆಂದು ತೀರ್ಮಾನವಾದ ಮೇಲೆ 'ಇದು ಸ್ಪ್ಯಾಮ್' ಎಂದು ದೂರು ಕೊಡುವ ಗುಂಡಿಯನ್ನು ಹೆಂಗಸರೇ ಪಾಳಿ ಪ್ರಕಾರ ಒತ್ತಬೇಕು. ಒತ್ತಿದ ಪತ್ರ ಸ್ಪ್ಯಾಮ್ ಎಂಬ ಬೇರೆ ಪೆಟ್ಟಿಗೆಗೆ ಹೋಗುತ್ತದೆ. ಊರಿನವರ ಬಾಯಲ್ಲಿ ಅದು ಕಸದ ಬುಟ್ಟಿ. ಮೋಸ ಹೋದ ಸಿಟ್ಟಿತ್ತಲ್ಲ, ಎಲ್ಲರಿಗೂ ಒತ್ತುವ ಹುರುಪು. ಇಂಗ್ಲಿಷಿನ ಅಭಿನಂದನೆಯ ಉದ್ದನೆಯ ಪದವನ್ನು ಓದಲು ಬಾರದಿದ್ದರೂ ಅದರ ಉದ್ದ ನೋಡಿಯೇ ಗುರುತಿಸಿ, ಒತ್ತಿ ಕೆಡವುತ್ತಿದ್ದರು. ತಿಂಗಳಿಗೊಮ್ಮೆ ಬುಟ್ಟಿಯನ್ನೇ ಖಾಲಿ ಮಾಡುವ ಗುಂಡಿ ಒತ್ತುವುದು ಹೊಸದಾಗಿ ಸೇರಿದವರಿಗೆ ಮೀಸಲಾದ ಮರ್ಯಾದೆ.

ಈ ಮೂರು ವರ್ಷದಲ್ಲಿ ಊರಿನ ಒಬ್ಬರೂ ಮೋಸ ಹೋಗಿಲ್ಲ. ಒಬ್ಬರೂ. ನಾನು ಹೋಗಿದ್ದೇನೆ, ಪತ್ರಿಕೆಯಲ್ಲಿ ಕೆಲಸ ಮಾಡುವವನು, ಪಾರ್ಸೆಲ್ಲು ನಿಂತಿದೆ ಎಂಬ ಮೆಸೇಜು ನಂಬಿ. ಅದನ್ನು ಅಲ್ಲಿ ಹೇಳಿಕೊಂಡಾಗ ಇಡೀ ಕೋಣೆ ನನ್ನತ್ತ ಕನಿಕರದಿಂದ ನೋಡಿತು.

ಇಲ್ಲಿ ಅಂಜುಮಳ ವಿಷಯ ಹೇಳಬೇಕು. ಹೋದ ವರ್ಷ ನಾಲ್ಕನೇ ತರಗತಿಯಲ್ಲಿದ್ದ ಹುಡುಗಿ. ಲೆಕ್ಕ ಬಾಯಲ್ಲೇ ಮಾಡುತ್ತಾಳೆ, ಕತೆ ಕೇಳಿದರೆ ಹಾಗೇ ತಿರುಗಿ ಹೇಳುತ್ತಾಳೆ, ಆದರೆ ಹಾಳೆಯ ಮೇಲಿನ ಅಕ್ಷರ ಅವಳಿಗೆ ದಕ್ಕುತ್ತಿರಲಿಲ್ಲ. ನಿನ್ನೆ ಓದಿದ 'ಮರ' ಇವತ್ತು ಹೊಸದು. ದಡ್ಡಿ ಎಂದು ಮನೆಯವರು ಕೈಬಿಟ್ಟಿದ್ದರು, ಐದನೆಯದಾದ ಮೇಲೆ ಶಾಲೆ ಬಿಡಿಸುವ ಮಾತೂ ಆಗಿತ್ತು. ಇಷ್ರತ ಅದನ್ನು ಒಪ್ಪಲಿಲ್ಲ. ಆದರೆ ಹೇಗೆ ಕಲಿಸಬೇಕೆಂದು ತಮಗೂ ತಿಳಿಯದು ಎಂಬುದನ್ನು ಒಪ್ಪಿಕೊಂಡರು. ಓದು ಹತ್ತದ ಮಕ್ಕಳಿಗೆ ಕಲಿಸುವ ಒಂದು ವರ್ಷದ ತರಬೇತಿಯನ್ನು ಬೆಂಗಳೂರಿನ ಒಂದು ಪ್ರತಿಷ್ಠಾನ ನಡೆಸುತ್ತದೆ. ಬೇಸಿಗೆ ಮತ್ತು ದಸರಾ ರಜೆಯಲ್ಲಿ ಅಲ್ಲೇ ಉಳಿದು ಕಲಿಯಬೇಕು, ಉಳಿದದ್ದು ಭಾನುವಾರ ಆನ್‌ಲೈನಿನಲ್ಲಿ. ಶುಲ್ಕ, ಊಟ, ವಸತಿ, ಪ್ರಯಾಣ ಎಲ್ಲಕ್ಕೂ ನಲವತ್ತು ಶಿಕ್ಷಕರಿಗೆ ವಿದ್ಯಾರ್ಥಿವೇತನ. ವಯಸ್ಸಿನ ಮಿತಿ ನಲವತ್ತೊಂದು. ಹಿಂದೆ ಎರಡು ಸಲ ಅರ್ಜಿ ಹಾಕಿ ಇಷ್ರತ ಆಯ್ಕೆಯಾಗಿರಲಿಲ್ಲ. ಇದು ಮೂರನೆಯದು, ಇದೇ ಕಡೆಯದು.

ಇಲಾಖೆಯ ಅನುಮತಿ ಪತ್ರ ತಂದು, ನವೆಂಬರಿನಲ್ಲಿ ಅರ್ಜಿ ಹಾಕಿದರು. ಡಿಸೆಂಬರಿನಲ್ಲಿ ಸಂದರ್ಶನವೂ ಆಯಿತು. ಫಲಿತಾಂಶವನ್ನು ಜನವರಿಯಲ್ಲಿ ಇಮೇಲ್ ಮೂಲಕ ತಿಳಿಸುತ್ತೇವೆ ಎಂದರು. ದಿನಾ ಬೆಳಿಗ್ಗೆ ಈ ಬಸ್ಸಿನಲ್ಲಿ ಕುಳಿತು ಇಷ್ರತ ಇಮೇಲ್ ತೆರೆದು ನೋಡುವರು. ಜನವರಿ ಹೋಯಿತು. ಫೆಬ್ರುವರಿ ಮೊದಲ ವಾರ ನೋಡುವುದನ್ನೂ ಬಿಟ್ಟರು.

"ಫೋನ್ ಮಾಡಿ ಕೇಳಬಹುದಿತ್ತಲ್ಲ?" ಎಂದೆ.

"ಎರಡ ಸಲ ಇಲ್ಲ ಅನಿಸಿಕೊಂಡಾಕಿ ನಾ. ಮೂರನೇ ಸಲ ನಾನ ಫೋನ್ ಮಾಡಿ ಇಲ್ಲ ಅನಿಸಿಕೊಳ್ಳಾಕ ಮನಸ್ಸ ಒಪ್ಪಲಿಲ್ರಿ" ಎನ್ನುತ್ತಾರೆ. "ಅಬ್ಬಾಗ ಹೇಳಿದೆ, ಆಗಲಿಲ್ಲಂತ ಕಾಣತೈತಿ ಅಂತ. ಅವರು ಹೊಲಿಯೂದ ನಿಲ್ಲಿಸಿ ಸ್ವಲ್ಪ ಹೊತ್ತ ಕುಂತ್ರು."

ಆದರೆ ಪತ್ರ ಬಂದಿತ್ತು. ಜನವರಿ ಇಪ್ಪತ್ತರ ಬೆಳಿಗ್ಗೆಯೇ ಬಂದು ಕಸದ ಬುಟ್ಟಿಯಲ್ಲಿ ಬಿದ್ದಿತ್ತು.

ಯಾಕೆ ಬಿತ್ತೆಂದು ಆಮೇಲೆ ನಾನೂ ತಿಳಿದವರನ್ನು ಕೇಳಿದೆ. ಇಂಥದ್ದೇ ಕಾರಣವೆಂದು ಖಚಿತವಾಗಿ ಯಾರೂ ಹೇಳಲಾರರು, ಆದರೆ ಊಹಿಸುವುದು ಕಷ್ಟವಲ್ಲ. ಇಮೇಲ್ ವ್ಯವಸ್ಥೆ ಪತ್ರವನ್ನು ನಮ್ಮ ಹಾಗೆ ಓದುವುದಿಲ್ಲ, ಹಳೆಯದರೊಂದಿಗೆ ಹೋಲಿಸುತ್ತದೆ. ಪ್ರತಿಷ್ಠಾನದವರು ಆಯ್ಕೆಯ ಪತ್ರಗಳನ್ನು ಹೊಸದಾಗಿ ತೆರೆದ ಒಂದು ವಿಳಾಸದಿಂದ ನಲವತ್ತು ಜನರಿಗೂ ಒಟ್ಟಿಗೇ ಕಳಿಸಿದ್ದರು. ತಲೆಬರಹ 'ಅಭಿನಂದನೆಗಳು, ನೀವು ಆಯ್ಕೆಯಾಗಿದ್ದೀರಿ'. ಒಳಗೆ ಒತ್ತಲು ಒಂದು ಲಿಂಕು, ಕೆಳಗೆ ಒಂದು ಲಗತ್ತು, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಬೇಕೆಂಬ ಮಾತು. ಇನ್ನು ಈ ಖಾತೆಯ ಒಡತಿಯೋ, ಇಂಥ ಪತ್ರವೆಲ್ಲ ಕಸ ಎಂದು ಮೂರು ವರ್ಷ ಶನಿವಾರ ಶನಿವಾರ ಹೇಳುತ್ತಲೇ ಬಂದವರು. ವ್ಯವಸ್ಥೆ ಜಾಣ ವಿದ್ಯಾರ್ಥಿಯ ಹಾಗೆ ಕಲಿತುಕೊಂಡಿತ್ತು. ಕಸದ ಬುಟ್ಟಿಗೆ ಬಿದ್ದ ಪತ್ರಕ್ಕೆ ಫೋನು ಟಿಣ್ ಎನ್ನುವುದಿಲ್ಲ. ಯಾರೂ ಮುಟ್ಟದಿದ್ದರೆ ಮೂವತ್ತು ದಿನಕ್ಕೆ ತಾನಾಗಿ ಅಳಿಸಿಹೋಗುತ್ತದೆ.

ಎಂದಿನ ತಿಂಗಳಾಗಿದ್ದರೆ ಶನಿವಾರದ ಪಾಠದಲ್ಲಿ ಬುಟ್ಟಿ ತೆರೆದಾಗ ಕಾಣುತ್ತಿತ್ತು. ಆದರೆ ಅದು ಕಡಲೆ ಸುಗ್ಗಿಯ ಕಾಲ. ಹೆಂಗಸರೆಲ್ಲ ನಸುಕಿನಲ್ಲೇ ಹೊಲಕ್ಕೆ ಹೋಗುವರು, ಇಬ್ಬನಿಯ ಹಸಿ ಇರುವಾಗಲೇ ಕಡಲೆ ಗಿಡ ಕೀಳಬೇಕು. ನಾಲ್ಕು ಶನಿವಾರ ಪಾಠ ನಡೆಯಲಿಲ್ಲ. ಮತ್ತೆ ಶುರುವಾದದ್ದು ಫೆಬ್ರುವರಿ ಹದಿನೈದಕ್ಕೆ, ಅಂದರೆ ಪತ್ರ ಬಂದು ಇಪ್ಪತ್ತಾರನೆಯ ದಿನಕ್ಕೆ.

ಆ ದಿನ ಗಾಳೆವ್ವ ಎಂಬಾಕೆ ಹೊಸದಾಗಿ ಸೇರಿದ್ದರು. ಟಿ.ವಿ.ಯಲ್ಲಿ ಬುಟ್ಟಿ ತೆರೆದುಕೊಂಡಿತು. ತಿಂಗಳ ಕಸ, ಎಪ್ಪತ್ತಕ್ಕೂ ಹೆಚ್ಚು ಪತ್ರ. ಎರಡು ಮೂರನ್ನು ಪರೀಕ್ಷೆ ಮಾಡಿ ಮುಗಿಸಿ ಅಕ್ಕೋರು ಫೋನನ್ನು ಗಾಳೆವ್ವನ ಕೈಗೆ ಕೊಟ್ಟರು. ಬುಟ್ಟಿ ಖಾಲಿ ಮಾಡುವ ಗುಂಡಿ ತೋರಿಸಿದರು. ಒಂದು ಸಲ ಒತ್ತಿದರೆ ಎಲ್ಲ ಹೋಗುತ್ತದೆ, ತಿರುಗಿ ಬರುವುದಿಲ್ಲ. ಗಾಳೆವ್ವ ಬೆರಳು ಸೀರೆಗೆ ಒರೆಸಿಕೊಂಡರು.

ಆಗ ಮಾಯವ್ವ ಎದ್ದು ಬಂದು ಅವರ ಮುಂಗೈ ಹಿಡಿದುಬಿಟ್ಟರು.

"ತಡಿ ಯವ್ವಾ. ಅಕ್ಕೋರ, ಅಲ್ಲಿ ನಿಮ್ಮ ಹೆಸರೈತ್ರಿ."

ಮಾಯವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ಮೋಸ ಹೋದ ಮೇಲೆ ಹಟ ಹಿಡಿದು ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳ ಆಕಾರ ಮಾತ್ರ ಕಲಿತಿದ್ದಾರೆ, ಜೊತೆಗೆ ಎರಡು ಹೆಸರು: ತಮ್ಮದು, ಅಕ್ಕೋರದು. ಟಿ.ವಿ.ಯಲ್ಲಿ ತಲೆಬರಹದ ಪಕ್ಕ ಸಣ್ಣದಾಗಿ ಕಾಣುತ್ತಿದ್ದ ಪತ್ರದ ಮೊದಲ ಸಾಲಿನಲ್ಲಿ ಆ ಹೆಸರಿತ್ತು. ಅಪ್ಪನ ಹೆಸರಿನ ಒಂಟಿ ಅಕ್ಷರ ನಡುವೆ, ಕೊನೆಗೆ ನದಾಫ.

ಇಷ್ರತ ಒಪ್ಪಲಿಲ್ಲ. ಅದನ್ನು ಇವತ್ತು ಅವರೇ ನಗುತ್ತ ಹೇಳುತ್ತಾರೆ. "ನಾ ಅಂದೆ, ಈಗಿನ ಕಳ್ಳರು ಹೆಸರೂ ಹಾಕತಾರ ಮಾಯವ್ವಾ. ನೋಡು, ಆ ಉದ್ದನ ಶಬ್ದಾನೂ ಐತಿ, ಲಿಂಕೂ ಐತಿ, ಪಾಸ್‌ಬುಕ್ ಕೇಳ್ಯಾರ. ಇದು ಸುಳ್ಳ, ಒತ್ತಸು ಅಂದೆ. ಅರ್ಜಿ ಹಾಕಿದ್ದ ಸಂಸ್ಥಾದ ಹೆಸರ್ ಕಂಡಿತ್ರಿ ನನಗ. ಆ ಹೆಸರ್ ಕದ್ದ ಯಾರೋ ನನ್ನ ಕಾಡಸಾಕತ್ಯಾರ ಅಂತ ಸಿಟ್ಟ ಬಂತು."

"ನಾ ಬಿಡಲಿಲ್ರಿ" ಎಂದು ಮಾಯವ್ವ ಮಾತಿಗೆ ಕೂಡುತ್ತಾರೆ. "ನಾಕ್ ಪರೀಕ್ಷಾ ಮಾಡದ ಖರೇ ಅನಬಾರದು, ಸುಳ್ಳೂ ಅನಬಾರದು ಅಂತ ಹೇಳಿದವ್ರ ಯಾರ್ರಿ? ನಿಮ್ಮ ಪತ್ರಕ್ಕೊಂದ, ನಮ್ಮ ಪತ್ರಕ್ಕೊಂದ ಕಾನೂನೇನ್ರಿ ಅಂದೆ."

ಅಕ್ಕೋರು ತಮ್ಮ ಚೀಲದಿಂದ ಅರ್ಜಿಯ ಫೈಲು ತೆಗೆದರು. ಆಗಲಿಲ್ಲವೆಂದು ತಿಳಿದ ಮೇಲೂ ಫೈಲನ್ನು ಚೀಲದಲ್ಲೇ ಇಟ್ಟುಕೊಂಡು ತಿರುಗಿದ್ದರು ಎಂಬುದನ್ನು ಗಮನಿಸಿ. ಅದರಲ್ಲಿ ಪ್ರತಿಷ್ಠಾನದ ಅಚ್ಚಾದ ಮಾಹಿತಿ ಪುಸ್ತಿಕೆ, ಅರ್ಜಿ ತಲುಪಿದೆ ಎಂದು ನವೆಂಬರಿನಲ್ಲಿ ಬಂದ ಇಮೇಲಿನ ಮುದ್ರಿತ ಪ್ರತಿ ಎರಡೂ ಇದ್ದವು. ಟಿ.ವಿ.ಯಲ್ಲಿ ಕಳಿಸಿದವರ ಹೆಸರಿನ ಕೆಳಗಿನ ಸಣ್ಣ ಬಾಣ ಒತ್ತಿದಾಗ ಪೂರ್ಣ ವಿಳಾಸ ಬಿಚ್ಚಿಕೊಂಡಿತು. ಚಕ್ಕಲಿಗಿಂತ ಮೊದಲಿನ ಹೆಸರು ಬೇರೆ ಇತ್ತು. ಮಾಯವ್ವ ಕಾಗದವನ್ನು ಟಿ.ವಿ.ಯ ಪಕ್ಕ ಹಿಡಿದು, ಚಕ್ಕಲಿಯ ನಂತರದ ಹದಿನೇಳು ಅಕ್ಷರಗಳನ್ನು ಬೆರಳಿಟ್ಟು ಒಂದೊಂದಾಗಿ ತಾಳೆ ನೋಡಿದರು. ಇಂಗ್ಲಿಷಿನ 'ಓ' ಜಾಗದಲ್ಲಿ ಸೊನ್ನೆ ಕೂರಿಸುವ, ಎರಡು ಅಕ್ಷರ ಅಂಟಿಸಿ ಮೂರನೆಯದರಂತೆ ತೋರಿಸುವ ಕಳ್ಳಾಟಗಳೆಲ್ಲ ಅವರಿಗೆ ಗೊತ್ತು. ಎರಡು ಸಲ ನೋಡಿದರು. ಹದಿನೇಳೂ ಕೂಡಿದವು.

ಪತ್ರದ ಮೇಲ್ಗಡೆ ಒಂದು ಪಟ್ಟಿಯಲ್ಲಿ, ಹಿಂದೆ ಸ್ಪ್ಯಾಮ್ ಎಂದು ಗುರುತಿಸಿದ ಪತ್ರಗಳನ್ನು ಇದು ಹೋಲುತ್ತದೆ ಎಂದು ಬರೆದಿತ್ತು. ಅಕ್ಕೋರು ಅದನ್ನು ಕನ್ನಡದಲ್ಲಿ ಓದಿ ಹೇಳಿದಾಗ ಮೂರು ವರ್ಷದಿಂದ ಗುಂಡಿ ಒತ್ತಿದವರೆಲ್ಲ ತಲೆ ತಗ್ಗಿಸಿದರು. ಆಮೇಲೆ ಪತ್ರದ ಉಳಿದ ಸಾಲುಗಳನ್ನು ಓದಿದರು. ಒಪ್ಪಿಗೆ ತಿಳಿಸಲು ಕಡೆಯ ದಿನ ಫೆಬ್ರುವರಿ ಹದಿನಾಲ್ಕು. ಅಂದರೆ ನಿನ್ನೆ.

"ಒಂದ ದಿನಕ್ಕ ತಪ್ಪಿತ್ರಿ" ಎನ್ನುತ್ತಾರೆ ಇಷ್ರತ. "ಬೆಂಚಿನ ಮ್ಯಾಲ ಕುಂತಬಿಟ್ಟೆ."

ಕಡೆಯ ಪರೀಕ್ಷೆ ಬಾಕಿ ಇತ್ತಲ್ಲ. ಶಿವನಪ್ಪ ಮಾಸ್ತರರು ತಮ್ಮ ಫೋನು ತೆಗೆದು, ಪತ್ರದಲ್ಲಿನ ನಂಬರು ಬಿಟ್ಟು ಪುಸ್ತಿಕೆಯಲ್ಲಿ ಅಚ್ಚಾದ ನಂಬರಿಗೆ ಕರೆ ಮಾಡಿ ಅಕ್ಕೋರ ಮುಂದೆ ಇಟ್ಟರು. ಶನಿವಾರ, ಆಫೀಸು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತದೆ. ಆಗ ಹನ್ನೆರಡೂ ಹತ್ತು. ಎತ್ತಿದ ಅಧಿಕಾರಿ ಹೆಸರು ಕೇಳಿದ ಕೂಡಲೇ ನಿಟ್ಟುಸಿರು ಬಿಟ್ಟರಂತೆ. ಮೂವತ್ತೊಂಬತ್ತು ಜನ ಒಪ್ಪಿಗೆ ಕೊಟ್ಟಿದ್ದರು, ಇವರೊಬ್ಬರದೇ ಬಾಕಿ. ಎರಡು ಸಲ ನೆನಪಿನ ಪತ್ರ ಕಳಿಸಿದ್ದರು, ಅವೂ ಬುಟ್ಟಿಗೇ ಬಿದ್ದಿದ್ದವು. ಎರಡು ಸಲ ಫೋನೂ ಮಾಡಿದ್ದರು. ಗೊತ್ತಿಲ್ಲದ ನಂಬರ್ ಎತ್ತಬೇಡಿ ಎಂದು ಊರಿಗೆಲ್ಲ ಕಲಿಸಿದವರು ತಾವು ಹೇಗೆ ಎತ್ತಿಯಾರು. ಸೋಮವಾರ ಬೆಳಿಗ್ಗೆ ಆ ಜಾಗ ಕಾಯುವ ಪಟ್ಟಿಯಲ್ಲಿದ್ದ ಮುಂದಿನವರಿಗೆ ಹೋಗುವುದಿತ್ತು.

ಆಫೀಸು ಮುಚ್ಚುವವರೆಗೆ ನಿಮ್ಮ ಅರ್ಜಿಯನ್ನು ತೆರೆದಿಡುತ್ತೇನೆ, ಅಷ್ಟರಲ್ಲಿ ಮುಗಿಸಿ ಎಂದರು ಅಧಿಕಾರಿ. ಪತ್ರದಲ್ಲಿನ ಲಿಂಕನ್ನು ಅಕ್ಕೋರು ಆಗಲೂ ಒತ್ತಲಿಲ್ಲ. ಪುಸ್ತಿಕೆಯಲ್ಲಿದ್ದ ವಿಳಾಸವನ್ನು ಕೈಯಾರೆ ಟೈಪ್ ಮಾಡಿ ಒಳಹೊಕ್ಕರು. ಅರ್ಜಿ ಸಂಖ್ಯೆ ಹಾಕಿದರು. ಫೋನಿಗೆ ಆರಂಕಿಯ ಓಟಿಪಿ ಬಂತು. ಟಿ.ವಿ.ಯಲ್ಲಿ ಅದು ಕಂಡದ್ದೇ ತಡ, ಮಾಯವ್ವ ಅಧಿಕಾರಿ ಲೈನಿನಲ್ಲಿದ್ದ ಶಿವನಪ್ಪ ಮಾಸ್ತರರ ಫೋನನ್ನು ಸೆರಗಿನಿಂದ ಮುಚ್ಚಿಬಿಟ್ಟರು. ಓಟಿಪಿ ಕೇಳುವವನು ಎಂಥವನೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರಿದ್ದರು.

ಸೆರಗಿನೊಳಗಿಂದ ಅಧಿಕಾರಿಯ ದನಿ ಕೇಳಿಸಿತು: "ಮೇಡಂ, ಒಂದು ಓಟಿಪಿ ಬರುತ್ತೆ. ಅದನ್ನ ನನಗೆ ಹೇಳಬೇಡಿ. ನೀವೇ ಟೈಪ್ ಮಾಡಿ."

ಮಾಯವ್ವ ಸೆರಗು ತೆಗೆದರು. "ಹೇಳಬ್ಯಾಡ್ರಿ ಅಂದ. ಆವಾಗ ನನಗ ಗೊತ್ತಾತು, ಇಂವ ಖರೇ ಮನಷ್ಯಾ" ಎನ್ನುತ್ತಾರೆ.

ಒಪ್ಪಿಗೆ ಪತ್ರವನ್ನು ಮುದ್ರಿಸಲು ಊರಲ್ಲಿ ಯಂತ್ರವಿಲ್ಲ. ಬಿಳಿ ಹಾಳೆಯಲ್ಲಿ ಕೈಯಿಂದ ಬರೆದರೂ ನಡೆಯುತ್ತದೆ ಎಂದರು ಅಧಿಕಾರಿ. ಅಕ್ಕೋರು ಬರೆದ ಮೊದಲ ಹಾಳೆ ಕೆಟ್ಟಿತು. ಎರಡನೆಯದನ್ನು ಬರೆದು ಸಹಿ ಮಾಡಿದರು, ಶಿವನಪ್ಪ ಮಾಸ್ತರರು ಸಹಿ ಹಾಕಿ ಶಾಲೆಯ ಮೊಹರು ಒತ್ತಿದರು. ಅದರ ಫೋಟೋ, ಪಾಸ್‌ಬುಕ್ಕಿನ ಮೊದಲ ಪುಟದ ಫೋಟೋ, ಅಷ್ಟೇ ಬೇಕಿತ್ತು. ಪಿನ್ನು ಗಿನ್ನು ಯಾರೂ ಕೇಳಲಿಲ್ಲ. ಕೋಣೆಯೊಳಗೆ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿದ್ದರಿಂದ ಅಕ್ಕೋರು ಫೋನನ್ನು ಟಿ.ವಿ.ಯಿಂದ ಬಿಡಿಸಿಕೊಂಡು ಅಂಗಳದ ನೀರಿನ ಟಾಕಿಯ ಹತ್ತಿರ ಹೋಗಿ ನಿಂತರು. ಹಿಂದೆಯೇ ಎಲ್ಲ ಹೆಂಗಸರೂ. ಹನ್ನೆರಡೂ ಐವತ್ತಕ್ಕೆ ಎರಡು ಫೋಟೋಗಳೂ ಏರಿದವು.

ಬಂತು, ಖಚಿತಪಡಿಸಿ ಪತ್ರ ಕಳಿಸಿದ್ದೇನೆ ನೋಡಿ ಎಂದರು ಅಧಿಕಾರಿ. ಅಕ್ಕೋರು ನೋಡಿದರು, ಏನೂ ಇಲ್ಲ. ಮತ್ತೊಮ್ಮೆ ನೋಡಿದರು, ಇಲ್ಲ. "ಬುಟ್ಟ್ಯಾಗ ನೋಡ್ರಿ" ಎಂದರು ಹೊಸಬರು ಗಾಳೆವ್ವ. ಅಲ್ಲೇ ಇತ್ತು.

ಒಟ್ಟು ನಾಲ್ಕು ಪತ್ರ ಬುಟ್ಟಿಯಲ್ಲಿದ್ದವು: ಆಯ್ಕೆಯದು, ನೆನಪಿನವು ಎರಡು, ಇದೊಂದು. ಸ್ಪ್ಯಾಮ್ ಅಲ್ಲ ಎಂದು ಹೇಳುವ ಗುಂಡಿಯೂ ಒಂದಿದೆ, ಮೂರು ವರ್ಷದಲ್ಲಿ ಅದನ್ನು ಯಾರೂ ಮುಟ್ಟಿರಲಿಲ್ಲ. ಆ ದಿನ ನೀರಿನ ಟಾಕಿಯ ಪಕ್ಕ ನಾಲ್ಕು ಜನ ಪಾಳಿ ಪ್ರಕಾರ ಒತ್ತಿದರು, ಒಂದೊಂದೇ ಪತ್ರ ಹೊರಗೆ ಬಂತು. ಮೊದಲನೆಯದನ್ನು ಒತ್ತಿದ್ದು ಮಾಯವ್ವ. ಆಮೇಲೆ ಅಕ್ಕೋರು ಆ ವಿಳಾಸವನ್ನು ತಮ್ಮ ಸಂಪರ್ಕ ಪಟ್ಟಿಗೆ ಸೇರಿಸಿದರು, ಇನ್ನು ಮುಂದೆ ಇದು ಪರಿಚಯದವರದು ಎಂದು ವ್ಯವಸ್ಥೆಗೆ ತಿಳಿಯಲೆಂದು. ಇಷ್ಟೆಲ್ಲ ಮುಗಿಸಿಯೇ ಅವರು ಅತ್ತದ್ದು.

ಬೇಸಿಗೆ ರಜೆಯ ಮೊದಲ ತರಬೇತಿ ಮುಗಿಸಿ ಬಂದಿದ್ದಾರೆ. ನಾನು ಹೋದ ದಿನ ಐದನೆಯ ತರಗತಿಯ ಮೂಲೆಯಲ್ಲಿ ಅಂಜುಮ ಒಂದು ತಟ್ಟೆ ಸಣ್ಣ ರವೆಯ ಮೇಲೆ ಬೆರಳಿನಿಂದ ಅಕ್ಷರ ತೀಡುತ್ತಿದ್ದಾಳೆ. ತೀಡುವಾಗ ಅದರ ದನಿಯನ್ನೂ ಬಾಯಲ್ಲಿ ಹೇಳುತ್ತಾಳೆ. ಒಂದಾದ ಮೇಲೆ ಇನ್ನೊಂದು, ಆಮೇಲೆ ಎರಡನ್ನೂ ಕೂಡಿಸಿ. ದಿನಕ್ಕೆ ಇಪ್ಪತ್ತು ನಿಮಿಷ, ಒಂದು ದಿನವೂ ತಪ್ಪದೆ. ರವೆಯನ್ನು ಕೊಟ್ಟವರು ಅಡುಗೆ ಕೋಣೆಯ ಮಾಯವ್ವ. ಗೋಡೆಯ ಮೇಲಿನ ಒಂದು ಸಾಲನ್ನು ಅಂಜುಮ ನನಗಾಗಿ ಓದುತ್ತಾಳೆ. ನಿಧಾನವಾಗಿ, ಮಧ್ಯೆ ಎರಡು ಸಲ ನಿಂತು, 'ಊಟಕ್ಕೆ ಮುಂಚೆ ಕೈ ತೊಳೆಯಿರಿ' ಎಂದು ಮುಗಿಸುತ್ತಾಳೆ. ಮುಗಿಸಿ ನನ್ನ ಕಡೆ ನೋಡುವುದಿಲ್ಲ, ಅಕ್ಕೋರ ಕಡೆ ನೋಡುತ್ತಾಳೆ. ಶಾಲೆ ಬಿಡಿಸುವ ಮಾತು ಮನೆಯಲ್ಲಿ ನಿಂತಿದೆ.

"ನಂದೇನ ದೊಡ್ಡ ಆಸೆ ಇಲ್ರಿ" ಎನ್ನುತ್ತಾರೆ ಇಷ್ರತ. "ಆಕಿ ಮುಂದಿನ ವರ್ಷ ಆರನೇತ್ತಾಕ ಸವಡಿ ಸಾಲಿಗೆ ಹೋಗಬೇಕು. ಅಲ್ಲಿ ಮಾಸ್ತರು ಪುಸ್ತಕಾ ಕೊಟ್ಟು ಓದು ಅಂದಾಗ ಎದ್ದ ನಿಂತ ಓದಬೇಕು. ಅಷ್ಟ." ರವೆಯ ತಟ್ಟೆ ಎತ್ತಿಡುತ್ತ ಮತ್ತೆ ಹೇಳುತ್ತಾರೆ. "ನನ್ನ ಪಾಠಾ ನಾನ ಮರತಿದ್ದೆ. ಮಾಯವ್ವ ಮರತಿದ್ದಿಲ್ಲ. ಹದಿನಾರ ವರ್ಷದಾಗ ಇದಕಿಂತ ಚಲೋ ಫಲಿತಾಂಶ ನನ್ನ ಸಾಲ್ಯಾಗ ಬಂದಿಲ್ರಿ."

ಈಗ ಪರೀಕ್ಷೆಗಳು ನಾಲ್ಕಲ್ಲ, ಐದು. ವಾರಕ್ಕೊಮ್ಮೆ ಕಸದ ಬುಟ್ಟಿ ನೋಡಬೇಕು, ಖಾಲಿ ಮಾಡುವ ಮುನ್ನ ಹೆಸರುಗಳನ್ನು ಓದಬೇಕು. ಸುಗ್ಗಿ ಇರಲಿ, ಹಬ್ಬವಿರಲಿ, ಆ ಕೆಲಸ ಮಾಯವ್ವನದು. ಪ್ರತಿ ಶನಿವಾರ ಅಡುಗೆ ಕೋಣೆಗೆ ಹೋಗುವ ಮುನ್ನ ಅಕ್ಕೋರ ಫೋನು ಅವರ ಕೈಗೆ ಬರುತ್ತದೆ.

ಈ ಲೇಖನ ಬರೆದು ಮುಗಿಸಿದ ಮೇಲೆ ತಪ್ಪಿದ್ದರೆ ತಿದ್ದಿ ಎಂದು ಅಕ್ಕೋರಿಗೆ ಇಮೇಲ್ ಮಾಡಿದೆ. ಮಂಗಳವಾರ ಕಳಿಸಿದ್ದು. ಬುಧವಾರ, ಗುರುವಾರ, ಶುಕ್ರವಾರ ಉತ್ತರವಿಲ್ಲ. ಬರೆದದ್ದು ಹಿಡಿಸಲಿಲ್ಲವೇನೋ ಎಂದು ನಾನೂ ಮುನಿಸಿಕೊಂಡು ಸುಮ್ಮನೆ ಕುಳಿತೆ. ಫೋನ್ ಮಾಡಿ ಕೇಳಲು ಮನಸ್ಸು ಒಪ್ಪಲಿಲ್ಲ.

ಶನಿವಾರ ಬೆಳಿಗ್ಗೆ ಏಳೂ ಐವತ್ತಕ್ಕೆ ನನ್ನ ಫೋನು ಬಡಿದುಕೊಂಡಿತು. ಅಕ್ಕೋರು. ಹಿಂದೆ ಅಡುಗೆ ಕೋಣೆಯ ಗದ್ದಲ, ಪಾತ್ರೆಗಳ ಸದ್ದು.

"ನಿಮ್ಮದೂ ಬುಟ್ಟ್ಯಾಗ ಬಿದ್ದಿತ್ರಿ" ಎಂದರು. "ಈಗ ಮಾಯವ್ವ ಪತ್ತೆ ಹಚ್ಚಿದ್ಲು. ನೀವು ಅವತ್ತ ಕೊಟ್ಟ ಹೋಗಿದ್ರೆಲಾ ನಿಮ್ಮ ಹೆಸರಿನ ಕಾರ್ಡು, ಅದನ್ನ ಪಕ್ಕದಾಗ ಇಟಗೊಂಡು ಚಕ್ಕಲಿ ಆದ ಮ್ಯಾಲಿನ ಅಕ್ಷರ ಎಲ್ಲಾ ಕೂಡಿಸ್ಯಾಳ. ಆ ಕಾರ್ಡಿನ್ಯಾಗಿನ ನಂಬರಿಗೇ ಈ ಫೋನ್ ಹಚ್ಚಿಸ್ಯಾಳ."

"ಏನಂತಾರೆ ಮಾಯವ್ವ?" ಎಂದೆ.

ಆ ಕಡೆ ಫೋನು ಕೈ ಬದಲಾಯಿತು.

"ಖರೇ ಅದೀರಿ" ಎಂದರು ಮಾಯವ್ವ. "ಊರ ಹೆಸರ್ ಬರದಿಲ್ಲ. ಕಳಸ್ರಿ ಪೇಪರಿಗೆ."